ನಗೆಮಾತಿನ ಶ್ಲೇಷೆ ದಾಟದಿದ್ದರೆ ಅನುವಾದಕರು ಮಾಡಬೇಕಾದ್ದೇನು?

ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ಕೇಳುವವರು ಬೇರೆ ಬೇರೆ. ಊರಿನ ಹವ್ಯಾಸಿ ನಾಟಕ ತಂಡದವರು, ಕಾಲೇಜಿನಲ್ಲಿ ಅನುವಾದ ಕಲಿಯುತ್ತಿರುವವರು, ಅಜ್ಜ ಬರೆದಿಟ್ಟ ಹಾಸ್ಯ ಬರಹಗಳನ್ನು ವಿದೇಶದಲ್ಲಿರುವ ಮೊಮ್ಮಕ್ಕಳಿಗಾಗಿ ಇಂಗ್ಲಿಷಿಗೆ ತರಲು ಹೊರಟವರು. ಪ್ರಶ್ನೆ ಮಾತ್ರ ಒಂದೇ: "ಕನ್ನಡದಲ್ಲಿ ಎಲ್ಲರೂ ನಗ್ತಾರೆ, ಇಂಗ್ಲಿಷಲ್ಲಿ ಯಾರೂ ನಗಲ್ಲ, ಏನು ಮಾಡೋದು?"

ಒಂದು ಪುಟ್ಟ ಸಂಭಾಷಣೆ ಇಟ್ಟುಕೊಂಡು ಹಂತ ಹಂತವಾಗಿ ನೋಡೋಣ. ಇದು ಈ ಲೇಖನಕ್ಕೆಂದೇ ನಾನು ಬರೆದದ್ದು. ತೀರ್ಥಹಳ್ಳಿ ಕಡೆಯ ಒಬ್ಬ ಅಡಿಕೆ ಬೆಳೆಗಾರ ಜಾತಕ ತೋರಿಸಲು ಜೋಯಿಸರ ಮನೆಗೆ ಹೋಗಿದ್ದಾನೆ.

ಜೋಯಿಸರು: ನಿಂದು ಯಾವ ರಾಶಿಯೋ ಮಂಜಪ್ಪ?
ಮಂಜಪ್ಪ: ರಾಶಿ ಎಲ್ಲಿ ಬಂತು ಜೋಯಿಸರೇ, ಈ ಸಲ ಬರೀ ಗೊರಬಲು.
ಜೋಯಿಸರು: ಅಯ್ಯೋ ಮಾರಾಯ, ನಾ ಕೇಳಿದ್ದು ಜಾತಕದ ರಾಶಿ.
ಮಂಜಪ್ಪ: ಓ, ಅದಾ? ಅದಕ್ಕೆ ಮಂಡಿಲಿ ರೇಟೆಷ್ಟು?
ಜೋಯಿಸರು: ನಿಂಗೆಲ್ಲೋ ತಲೆ ಕೆಟ್ಟಿದೆ.
ಮಂಜಪ್ಪ: ಕೊಳೆ ಬಂದ ವರ್ಷ ಯಾರ ತಲೆ ಸರಿ ಇರುತ್ತೆ ಹೇಳಿ.

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇರೆ ಊರಿನ ಓದುಗರಿಗಾಗಿ ಎರಡು ಮಾತು. ಮಾರುಕಟ್ಟೆಯಲ್ಲಿ ಕೆಂಪಡಿಕೆಯನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸುತ್ತಾರೆ. ಗೊರಬಲಿಗೆ ಸಿಗುವ ಬೆಲೆ ಕಡಿಮೆ. ಕೊಳೆ ಅಂದರೆ ಮಳೆಗಾಲದಲ್ಲಿ ಎಳೆ ಅಡಿಕೆ ಕೊಳೆತು ಉದುರುವ ರೋಗ. ಬೋರ್ಡೋ ದ್ರಾವಣ ಹೊಡೆದರೂ ಮಳೆ ಬಿಡದೆ ಹೊಯ್ದರೆ ಒಮ್ಮೊಮ್ಮೆ ತೋಟವೇ ಬರಿದಾಗುತ್ತದೆ.

ನೋಡಿದಿರಾ, ಕನ್ನಡದಿಂದ ಕನ್ನಡಕ್ಕೇ ಇಷ್ಟು ವಿವರಣೆ ಬೇಕಾಯಿತು.

ಶುರು ಮಾಡುವ ಮೊದಲು ಏನೇನು ಬೇಕು? ಮೂಲ ಬರಹ, ಒಂದು ನೋಟ್‌ಬುಕ್ಕು, ಎರಡೂ ಭಾಷೆಯ ನಿಘಂಟು, ಮತ್ತು ಮೂಲವನ್ನು ಓದಿರದ ಒಬ್ಬ ಸ್ನೇಹಿತ ಅಥವಾ ಸ್ನೇಹಿತೆ. ಈ ನಾಲ್ಕನೆಯದ್ದೇ ಸಿಗುವುದು ಕಷ್ಟ. ಇನ್ನೊಂದು ಮಾತು: ಕೆಳಗಿನ ಇಂಗ್ಲಿಷ್ ಸಾಲುಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಬಾಯಿಬಿಟ್ಟು ಓದಿಕೊಳ್ಳಿ. ಶ್ಲೇಷೆ ಕಿವಿಯ ವಿಷಯ.

1. ಜೋಕು ಯಾವ ಪದದಲ್ಲಿ ಕೂತಿದೆ ಎಂದು ಹಿಡಿಯಿರಿ

ಒಂದೇ ಪದ ಎರಡು ಅರ್ಥ ಕೊಟ್ಟರೆ ಅದು ಶ್ಲೇಷೆ. ನಮ್ಮ ಅಲಂಕಾರಶಾಸ್ತ್ರದವರು ಇದರಲ್ಲಿ ಎರಡು ಬಗೆ ಹೇಳಿದ್ದಾರೆ. ಪದವನ್ನು ಒಡೆಯದೆಯೇ ಎರಡು ಅರ್ಥ ಬಂದರೆ ಅಭಂಗ ಶ್ಲೇಷೆ. ಮೇಲಿನ "ರಾಶಿ" ಅಂಥದ್ದು. ಪದವನ್ನು ಒಡೆದಾಗ ಇನ್ನೊಂದು ಅರ್ಥ ಬಂದರೆ ಸಭಂಗ ಶ್ಲೇಷೆ. "ಹಬ್ಬಕ್ಕೆ ಹೆಂಡತಿಗೆ ಕೊಟ್ಟದ್ದು ಒಂದೇ ಸರ, ಬೇಸರ" ಅಂದರೆ ಅದು ಈ ಬಗೆ.

ಹಳೆಯ ವಿಂಗಡಣೆ ಅಂತ ಇದನ್ನು ಪಕ್ಕಕ್ಕಿಡಬೇಡಿ. ಅನುವಾದಕರಿಗೆ ಇದು ತುಂಬಾ ಕೆಲಸಕ್ಕೆ ಬರುತ್ತದೆ. ಕನ್ನಡದಲ್ಲಿ ಪದಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆದ್ದರಿಂದ ಒಡೆದು ನಗಿಸುವುದು ನಮಗೆ ಸುಲಭ. ಇಂಗ್ಲಿಷಿನ ದಾರಿ ಬೇರೆ. ಅಲ್ಲಿ ಒಂದೇ ಉಚ್ಚಾರಣೆಗೆ ಎರಡು ಸ್ಪೆಲ್ಲಿಂಗ್ ಇರುವ ಪದಗಳು ರಾಶಿ ರಾಶಿ ಇವೆ. ಕಥೆ ಎಂಬರ್ಥದ ಟೇಲ್, ಬಾಲ ಎಂಬರ್ಥದ ಟೇಲ್ ಹೀಗೆ. ಕನ್ನಡದಲ್ಲಿ ಹೆಚ್ಚುಕಡಿಮೆ ಹೇಳಿದಂತೆಯೇ ಬರೆಯುವುದರಿಂದ ಆ ಬಗೆ ನಮಗೆ ಅಷ್ಟಾಗಿ ಸಿಗುವುದಿಲ್ಲ. ನಮಗೆ ಸಿಗುವುದು ಹತ್ತಿರದ ದನಿಯ ಜೋಡಿ: ಅಕ್ಕಿ-ಹಕ್ಕಿ, ಬಾಳು-ಬಾಲ, ಹೊಳೆ-ಒಲೆ. ಹಾಗಾಗಿ ಮೂಲದಲ್ಲಿ ಯಾವ ಬಗೆಯ ಶ್ಲೇಷೆ ಇದೆಯೋ ಅದೇ ಬಗೆಯನ್ನು ಹುಡುಕುತ್ತಾ ಕೂರಬೇಡಿ. ಆ ಭಾಷೆಗೆ ಯಾವುದು ಸಲೀಸೋ ಅದನ್ನು ಹುಡುಕಿ.

ಎಡವುವ ಜಾಗ: ಜೋಕು ಇದೆ ಅಂತ ಗೊತ್ತೇ ಆಗದೆ ಮುಂದೆ ಹೋಗುವುದು. ಕಂಡುಹಿಡಿಯಲು ಒಂದು ಗುರುತು ಹೇಳುತ್ತೇನೆ. ಒಬ್ಬರ ಉತ್ತರ ಪ್ರಶ್ನೆಗೆ ಹೊಂದುತ್ತಿಲ್ಲ ಅನ್ನಿಸಿದರೆ ಅಥವಾ ಒಂದು ಪದ ಆ ಜಾಗಕ್ಕೆ ಸ್ವಲ್ಪ ವಿಚಿತ್ರ ಅನ್ನಿಸಿದರೆ ಅಲ್ಲೇ ನಿಲ್ಲಿ. ಜಾತಕದ ಮಾತಿನ ನಡುವೆ ಗೊರಬಲು ಯಾಕೆ ಬಂತು? ಹಿಂದಿನ ಸಾಲಿನ ಒಂದೊಂದೇ ಪದಕ್ಕೆ ಇನ್ನೊಂದು ಅರ್ಥ ಇದೆಯಾ ಅಂತ ನೋಡಿ.

2. ಆ ಜೋಕು ಅಲ್ಲಿ ಯಾವ ಕೆಲಸ ಮಾಡುತ್ತಿದೆ ಎಂದು ಒಂದು ಸಾಲು ಬರೆಯಿರಿ

ಇದನ್ನು ಬಿಟ್ಟವರೇ ಜಾಸ್ತಿ. ಅರ್ಥ ಎರಡೂ ಗೊತ್ತಾಯಿತು ಅಂದಕೂಡಲೇ ಪದ ಹುಡುಕಲು ಹೊರಡುತ್ತಾರೆ. ಸ್ವಲ್ಪ ತಡೆಯಿರಿ.

ನಮ್ಮ ಸಂಭಾಷಣೆಯಲ್ಲಿ "ರಾಶಿ" ಬರೀ ನಗಿಸುತ್ತಿಲ್ಲ. ಮಂಜಪ್ಪನ ತಲೆಯಲ್ಲಿ ಅಡಿಕೆ ಬಿಟ್ಟು ಬೇರೇನೂ ಇಲ್ಲ ಎಂದು ತೋರಿಸುತ್ತಿದೆ. ಫಸಲು ಕೆಟ್ಟಿದೆ ಎಂಬ ಸುದ್ದಿಯನ್ನೂ ಓದುಗರಿಗೆ ಮುಟ್ಟಿಸುತ್ತಿದೆ. ಎರಡನೇ ಉತ್ತರದಲ್ಲಿ ("ಅದಕ್ಕೆ ಮಂಡಿಲಿ ರೇಟೆಷ್ಟು") ಅವನು ಬೇಕಂತಲೇ ಕೀಟಲೆ ಮಾಡುತ್ತಿದ್ದಾನೆ. ಅಂದರೆ ಅವನು ದಡ್ಡನಲ್ಲ. ನಾನು ನೋಟ್‌ಬುಕ್ಕಿನಲ್ಲಿ ಹೀಗೆ ಬರೆದುಕೊಳ್ಳುತ್ತೇನೆ: "ತಲೆ ತುಂಬ ಅಡಿಕೆ. ಫಸಲು ಕೈಕೊಟ್ಟಿದೆ. ಆಳು ಚುರುಕು."

ಈ ಮೂರು ಉಳಿದರೆ ಪದ ಯಾವುದಾದರೂ ನಡೆಯುತ್ತದೆ. ಇವುಗಳಲ್ಲಿ ಒಂದು ಹೋದರೂ, ಸಭೆ ನಕ್ಕರೂ, ಅನುವಾದ ಸೋತ ಹಾಗೆ.

3. ಓದುವವರು ಯಾರು ಎಂದು ತೀರ್ಮಾನಿಸಿ

"ಇಂಗ್ಲಿಷಿಗೆ ಅನುವಾದ" ಅಂದರೆ ಸಾಲದು. ಯಾರ ಇಂಗ್ಲಿಷ್?

ಓದುವವರು ದೆಹಲಿಯವರೋ ಪುಣೆಯವರೋ ಆದರೆ ಜಾತಕದ ರಾಶಿ ಅವರಿಗೆ ಗೊತ್ತೇ ಇರುತ್ತದೆ. ಗೊತ್ತಿಲ್ಲದ್ದು ಅಡಿಕೆಯ ರಾಶಿ ಮಾತ್ರ. ಹಾಗಿದ್ದರೆ ಪದವನ್ನು ಬದಲಿಸುವುದೇ ಬೇಡ. ಎರಡು ಪುಟ ಹಿಂದೆ, ಮಂಜಪ್ಪ ಅಂಗಳದಲ್ಲಿ ಅಡಿಕೆ ಹರವುವಾಗ, "ಈ ಸಲ ರಾಶಿ ಸಿಗೋದು ಕಷ್ಟ, ಗೊರಬಲೇ ಗತಿ" ಎಂಬರ್ಥದ ಒಂದು ಮಾತು ಹೆಂಡತಿಗೆ ಹೇಳಲಿ. ಅಲ್ಲಿ ಅದು ಜೋಕಲ್ಲ, ಸುಮ್ನೆ ಮನೆಮಾತು. ಓದುಗರಿಗೆ ಪದದ ಅರ್ಥ ಸಿಕ್ಕಿರುತ್ತದೆ. ಜೋಯಿಸರು ಕೇಳುವ ಹೊತ್ತಿಗೆ ಜೋಕು ತಾನಾಗಿ ಆಗುತ್ತದೆ. ಇದನ್ನು ನಾನು ಮೊದಲೇ ಬಿತ್ತುವುದು ಅನ್ನುತ್ತೇನೆ. ಆದರೆ ತೀರಾ ಹತ್ತಿರ ಬಿತ್ತಬೇಡಿ. ಹಿಂದಿನ ಸಾಲಿನಲ್ಲೇ ಹೇಳಿ ಮುಂದಿನ ಸಾಲಿನಲ್ಲಿ ಜೋಕು ಮಾಡಿದರೆ ಓದುಗರಿಗೆ ಕೈಚಳಕ ಕಂಡುಬಿಡುತ್ತದೆ.

ಹಿಂದಿಗೆ ತರುವವರಿಗೆ ಇಲ್ಲಿ ಲಾಟರಿ ಹೊಡೆದ ಹಾಗೆ. ಹಿಂದಿಯಲ್ಲಿ ರಾಶಿ ಅಂದರೆ ಜಾತಕದ ರಾಶಿಯೂ ಹೌದು, ಹಣದ ಮೊತ್ತವೂ ಹೌದು. "ರಾಶಿ ಕಹಾಂ ಮಹಾರಾಜ್, ಕರ್ಜ್ ಹೈ" ಅಂತ ಮಂಜಪ್ಪ ಹೇಳಿದರೆ ಮುಗಿಯಿತು. ಅಡಿಕೆ ಹೋಯಿತು, ಆದರೆ ಫಸಲು ಕೈಕೊಟ್ಟ ನೋವು ಸಾಲದ ರೂಪದಲ್ಲಿ ಬಂತು. ನಮ್ಮ ದೇಶದ ಭಾಷೆಗಳ ನಡುವೆ, ಸಂಸ್ಕೃತದಿಂದ ಬಂದ ಪದಗಳಲ್ಲಿ ಹೀಗೆ ಬಿಟ್ಟಿ ಸಿಗುವುದುಂಟು. ಹಾಗಾಗಿ ಮೊದಲು ಆ ಭಾಷೆಯ ನಿಘಂಟಿನಲ್ಲಿ ಮೂಲದ ಪದವನ್ನೇ ತೆಗೆದು ನೋಡಿ.

ಜಾತಕವೂ ಗೊತ್ತಿಲ್ಲದ, ಅಡಿಕೆಯೂ ಗೊತ್ತಿಲ್ಲದ ಓದುಗರಾದರೆ ಮುಂದಿನ ಹಂತಕ್ಕೆ ಹೋಗಲೇಬೇಕು.

4. ಅದೇ ಜಾಗದಲ್ಲಿ ಹೊಸ ಶ್ಲೇಷೆ ಸಿಗುತ್ತದಾ ನೋಡಿ: ಎರಡು ಕಾಲಮ್ಮಿನ ಪಟ್ಟಿ

ನೋಟ್‌ಬುಕ್ಕಿನ ಪುಟದಲ್ಲಿ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಮೊದಲ ಅರ್ಥಕ್ಕೆ ಸೇರಿದ ಪದಗಳು, ಬಲಕ್ಕೆ ಎರಡನೇ ಅರ್ಥಕ್ಕೆ ಸೇರಿದ ಪದಗಳು. ಸಮಾನಾರ್ಥಕ ಪದಗಳಷ್ಟೇ ಅಲ್ಲ, ಅಕ್ಕಪಕ್ಕದವೂ ಬೇಕು. ಒಂದೊಂದು ಕಡೆ ಹದಿನೈದಾದರೂ ಬರಲಿ. ಮೊದಲ ಐದರಲ್ಲಿ ಸಿಗುವುದು ಅಪರೂಪ.

ಮೊದಲು ಇಂಗ್ಲಿಷಿನಿಂದ ಕನ್ನಡಕ್ಕೆ ಒಂದು ಉದಾಹರಣೆ. ಲೂಯಿಸ್ ಕ್ಯಾರಲ್ 1865ರಲ್ಲಿ ಪ್ರಕಟಿಸಿದ ಆಲಿಸ್ ಕಥೆಯಲ್ಲಿ ಒಂದು ಇಲಿ ತನ್ನದು ಉದ್ದವಾದ, ದುಃಖದ ಟೇಲ್ ಎನ್ನುತ್ತದೆ. ಇಲಿ ಹೇಳುತ್ತಿರುವುದು ಕಥೆ. ಆಲಿಸ್ ಕೇಳಿಸಿಕೊಂಡದ್ದು ಬಾಲ. ಉದ್ದ ಇದೆ ಸರಿ, ದುಃಖದ್ದು ಯಾಕೆ ಅಂತ ಅವಳು ಬಾಲ ನೋಡುತ್ತಾ ಕೇಳುತ್ತಾಳೆ.

ಎಡಗಡೆ ಬರೆಯಿರಿ: ಕಥೆ, ವ್ಯಥೆ, ಗೋಳು, ಪಾಡು, ಬಾಳು, ಬಾಲ್ಯ, ಪುರಾಣ, ಹಣೆಬರಹ, ಸಂಕಟ. ಬಲಗಡೆ: ಬಾಲ, ಪುಚ್ಛ, ತುದಿ, ಕೊನೆ, ಹಿಂದೆ, ಜೋಲು, ಅಲ್ಲಾಡು, ಗಂಟು. ಈಗ ಎರಡೂ ಕಡೆ ಗಟ್ಟಿಯಾಗಿ ಓದಿ. ಬಾಲ್ಯ-ಬಾಲ ಸಿಕ್ಕಿತು. ಬಾಳು-ಬಾಲ ಕೂಡ ಸಿಕ್ಕಿತು.

ಯಾವುದನ್ನು ಇಟ್ಟುಕೊಳ್ಳುವುದು? ಇಲಿ ಹೇಳಹೊರಟಿರುವುದು ತನ್ನ ಪೂರ್ತಿ ಕಥೆಯನ್ನು, ಬರೀ ಬಾಲ್ಯವನ್ನಲ್ಲ. ಅದೂ ಅಲ್ಲದೆ ಆ ಇಲಿ ಸ್ವಲ್ಪ ಗಾಂಭೀರ್ಯದ ಮಾತಿನದ್ದು. "ನನ್ನ ಬಾಳ ಕಥೆ ಉದ್ದದ್ದು, ದುಃಖದ್ದು" ಎಂಬ ಪುಸ್ತಕದ ಭಾಷೆ ಅದರ ಬಾಯಿಗೆ ಒಪ್ಪುತ್ತದೆ. ಆಲಿಸ್ ಬಾಲ ನೋಡಿ, "ಬಾಲ ಉದ್ದ ಇರೋದು ಕಾಣ್ತಾ ಇದೆ, ದುಃಖ ಯಾಕೆ?" ಅನ್ನಲಿ. ಲ-ಳ ಗೊಂದಲ ನಮ್ಮ ಕಿವಿಗೆ ಹೊಸದಲ್ಲ. ಹಾಗಾಗಿ ನನ್ನ ಓಟು ಬಾಳಿಗೆ.

ಈ ಜೋಕಿನಲ್ಲಿ ಇನ್ನೊಂದು ಸಂಗತಿ ಇದೆ. ಮುಂದೆ ಬರುವ ಇಲಿಯ ಪದ್ಯವನ್ನು ಪುಸ್ತಕದಲ್ಲಿ ಬಾಲದ ಹಾಗೆ ಡೊಂಕು ಡೊಂಕಾಗಿ, ಕೆಳಗೆ ಹೋದಂತೆ ಸಣ್ಣ ಅಕ್ಷರದಲ್ಲಿ ಮುದ್ರಿಸಿದ್ದಾರೆ. ಅಂದರೆ ಈ ಶ್ಲೇಷೆಗೆ ಬಾಲ ಬೇಕೇ ಬೇಕು. ಚಿತ್ರಕ್ಕೋ ಮುಂದಿನ ಘಟನೆಗೋ ಹೀಗೆ ಕಟ್ಟಿಹಾಕಿದ ಶ್ಲೇಷೆಯನ್ನು ಅಲುಗಿಸಲು ಬರುವುದಿಲ್ಲ. ಎಷ್ಟೇ ಹೊತ್ತಾದರೂ ಅಲ್ಲೇ ಕೂತು ಬಿಡಿಸಬೇಕು. ನಿಮ್ಮ ಸಮಯವನ್ನು ಇಂಥವಕ್ಕೆ ಉಳಿಸಿಕೊಳ್ಳಿ.

ಈಗ ಮಂಜಪ್ಪನಿಗೆ ಬರೋಣ. ಜಾತಕದ ಕಡೆಯ ಇಂಗ್ಲಿಷ್ ಪದಗಳು: ಸ್ಟಾರ್, ಸೈನ್, ಚಾರ್ಟ್, ಹೌಸ್, ಮೂನ್. ಅಡಿಕೆಯ ಕಡೆ: ನಟ್, ಕ್ರಾಪ್, ಗ್ರೇಡ್, ಹೀಪ್, ಪ್ರೈಸ್, ಬಯರ್, ರಾಟ್. ಗಂಟೆಗಟ್ಟಲೆ ನೋಡಿದರೂ ಎರಡೂ ಕಡೆ ಇರುವ ಪದ ಸಿಗಲಿಲ್ಲ. ಆದರೆ "ಸೈನ್" ಎಂಬುದಕ್ಕೆ ಜಾತಕದ ಆಚೆಗೂ ಅರ್ಥಗಳಿವೆ. ಸಹಿ ಹಾಕುವುದು, ಬೋರ್ಡು, ಸುಳಿವು.

ಮೊದಲ ಪ್ರಯತ್ನ, ಸಹಿ. ಜೋಯಿಸರು: "ವಾಟ್ಸ್ ಯುವರ್ ಸೈನ್?" ಮಂಜಪ್ಪ: "ಐ ಡೋಂಟ್ ಸೈನ್, ಐ ಪುಟ್ ಮೈ ಥಂಬ್." ನಗು ಬರುತ್ತದೆ. ಹೆಚ್ಚಿನವರು ಇಲ್ಲೇ ನಿಲ್ಲಿಸಿಬಿಡುತ್ತಾರೆ. ಎರಡನೇ ಹಂತದಲ್ಲಿ ಬರೆದ ಸಾಲು ತೆಗೆದು ನೋಡಿ. ಚುರುಕು ಆಳು ಈಗ ಹೆಬ್ಬೆಟ್ಟು ಒತ್ತುವವನಾದ! ಅಡಿಕೆಯೂ ಹೋಯಿತು. ಹಳ್ಳಿಯವನೆಂದರೆ ಓದುಬರಹ ಬಾರದವನು ಎಂದು ತಿಳಿದಿರುವ ಓದುಗನಿಗೆ ನಾವೇ ಸಾಕ್ಷಿ ಕೊಟ್ಟಂತಾಯಿತು. ತೆಗೆದುಹಾಕಿ.

ಎರಡನೇ ಪ್ರಯತ್ನ, ಸುಳಿವು. "ವಾಟ್ಸ್ ಯುವರ್ ಸೈನ್, ಮಂಜಪ್ಪ?" "ನೋ ಸೈನ್, ಜೋಯಿಸರೇ. ನಾಟ್ ಎ ಬಯರ್ ಇನ್ ಸೈಟ್." ಕೊಳ್ಳುವವರ ಸುಳಿವೇ ಇಲ್ಲ ಅಂತ. ನಗು ಮೊದಲಿನಷ್ಟು ಜೋರಾಗಿಲ್ಲ, ಒಪ್ಪುತ್ತೇನೆ. ಆದರೆ ಮಂಜಪ್ಪ ಮಂಜಪ್ಪನಾಗಿಯೇ ಉಳಿದ. ಅವನ ತಲೆಯಲ್ಲಿ ಮಾರುಕಟ್ಟೆಯೇ ಓಡುತ್ತಿದೆ. ನಾನು ಇದನ್ನು ಇಟ್ಟುಕೊಳ್ಳುತ್ತೇನೆ.

ಆದರೂ ಲೆಕ್ಕದಲ್ಲಿ ಸ್ವಲ್ಪ ಬಾಕಿ ಇದೆ. ಮೂಲದ ಜೋಕಿನಲ್ಲಿ ಅಡಿಕೆಯೇ ಶ್ಲೇಷೆಯ ಒಂದು ಕಾಲಾಗಿತ್ತು. ಇಲ್ಲಿ ಅಡಿಕೆ ಪಕ್ಕದಲ್ಲಿ ನಿಂತಿದೆ ಅಷ್ಟೆ.

5. ಬಾಕಿಯನ್ನು ಬೇರೆ ಕಡೆ ತೀರಿಸಿ

ಇದನ್ನೇ ಅನುವಾದ ಕಲಿಸುವವರು ಕಾಂಪನ್ಸೇಶನ್ ಅನ್ನುತ್ತಾರೆ. ಕನ್ನಡದಲ್ಲಿ ಸರಿದೂಗಿಸುವುದು ಎನ್ನೋಣ. ಹರ್ವಿ ಮತ್ತು ಹಿಗ್ಗಿನ್ಸ್ ಎಂಬಿಬ್ಬರು 1992ರ ತಮ್ಮ ಪಠ್ಯಪುಸ್ತಕದಲ್ಲಿ ಇದರ ನಾಲ್ಕು ಬಗೆ ಹೇಳಿದ್ದಾರೆ. ನಗೆಬರಹಕ್ಕೆ ಮುಖ್ಯವಾದವು ಎರಡು. ಒಂದು, ಜಾಗ ಬದಲಿಸುವುದು. ಇಲ್ಲಿ ಕಳೆದುಕೊಂಡದ್ದನ್ನು ಅಲ್ಲಿ ಕೊಡುವುದು. ಇನ್ನೊಂದು, ಬಗೆ ಬದಲಿಸುವುದು. ಶ್ಲೇಷೆಯ ಬದಲು ಹೋಲಿಕೆಯನ್ನೋ ಪ್ರಾಸವನ್ನೋ ಇಡುವುದು.

ಜಾಗ ಬದಲಿಸಲು ಏನು ಮಾಡಬೇಕು? ಬಾಕಿ ಉಳಿದ ವಿಷಯಕ್ಕೆ ಸೇರಿದ, ಗುರಿಭಾಷೆಯಲ್ಲಿ ಎರಡರ್ಥ ಇರುವ ಪದ ಹುಡುಕಿ. ನಮಗೆ ಬೇಕಾದ್ದು ಅಡಿಕೆ. ಇಂಗ್ಲಿಷಿನಲ್ಲಿ "ನಟ್" ಅಂದರೆ ಕಾಯಿ. "ನಟ್ಸ್" ಅಂದರೆ ತಲೆ ಕೆಟ್ಟಿದೆ. ಸರಿ, ಮೂಲದಲ್ಲಿ ತಲೆ ಕೆಟ್ಟ ಮಾತು ಎಲ್ಲಿದೆ? ಐದನೇ ಸಾಲಿನಲ್ಲಿ! ಜೋಯಿಸರು "ನಿಂಗೆಲ್ಲೋ ತಲೆ ಕೆಟ್ಟಿದೆ" ಅನ್ನುವಾಗ ಕನ್ನಡದಲ್ಲಿ ಶ್ಲೇಷೆ ಇಲ್ಲ. ಇಂಗ್ಲಿಷಿನಲ್ಲಿ ಅಲ್ಲೇ ಇಡಬಹುದು.

ಜೋಯಿಸರು: "ಯು ಆರ್ ನಟ್ಸ್." ಮಂಜಪ್ಪ: "ನಟ್ಸ್? ಐ ವಿಷ್ ಐ ಹ್ಯಾಡ್ ಸಮ್."

ಚೆನ್ನಾಗಿದೆ ಅನ್ನಿಸಿತಾ? ನನಗೂ ಮೊದಲು ಅನ್ನಿಸಿತ್ತು. ಒಂದು ದಿನ ಬಿಟ್ಟು ಓದಿದಾಗ ಬೆವರು ಬಂತು. ಇಂಗ್ಲಿಷಿನ ಆಡುಮಾತಿನಲ್ಲಿ ಆ ಪದಕ್ಕೆ ಮೂರನೇ ಅರ್ಥವೂ ಇದೆ, ಪೋಲಿ ಅರ್ಥ. "ನನಗೂ ಇದ್ದಿದ್ದರೆ" ಅಂತ ಜೋಯಿಸರ ಮನೆ ಜಗಲಿಯಲ್ಲಿ ಕೂತು ಹೇಳುವ ಮಾತಲ್ಲ ಅದು. ಸಭೆ ನಗುತ್ತದೆ, ಆದರೆ ಬೇರೆ ಕಾರಣಕ್ಕೆ. ಆದ್ದರಿಂದ ಉತ್ತರವನ್ನು ತೋಟಕ್ಕೆ ಕಟ್ಟಿಹಾಕಬೇಕು: "ನಟ್ಸ್? ನಾಟ್ ಆನ್ ಮೈ ಟ್ರೀಸ್, ನಾಟ್ ದಿಸ್ ಇಯರ್." ಮರ ಎಂಬ ಮಾತು ಬಂದ ಕೂಡಲೇ ಪೋಲಿ ಅರ್ಥ ಹಿಂದೆ ಸರಿಯುತ್ತದೆ. ಕೊಳೆ ಬಂದು ಉದುರಿಹೋದ ಸುದ್ದಿಯೂ ಬಂತು. ನಿಮ್ಮದಲ್ಲದ ಭಾಷೆಯಲ್ಲಿ ಶ್ಲೇಷೆ ಮಾಡುವಾಗ ಆ ಭಾಷೆಯ ಆಡುಮಾತಿನ ನಿಘಂಟನ್ನು ಕಡ್ಡಾಯವಾಗಿ ನೋಡಿ.

ಈಗ ಇಡೀ ತುಣುಕು:

"ವಾಟ್ಸ್ ಯುವರ್ ಸೈನ್, ಮಂಜಪ್ಪ?"
"ನೋ ಸೈನ್, ಜೋಯಿಸರೇ. ನಾಟ್ ಎ ಬಯರ್ ಇನ್ ಸೈಟ್."
"ಯುವರ್ ಸ್ಟಾರ್ ಸೈನ್, ಮಾರಾಯ!"
"ಓ, ದಟ್. ವಾಟ್ಸ್ ಇಟ್ ಫೆಚಿಂಗ್ ಎಟ್ ದ ಮಂಡಿ?"
"ಯು ಆರ್ ನಟ್ಸ್."
"ನಟ್ಸ್? ನಾಟ್ ಆನ್ ಮೈ ಟ್ರೀಸ್, ನಾಟ್ ದಿಸ್ ಇಯರ್."

ಜೋಯಿಸರೇ, ಮಾರಾಯ, ಮಂಡಿ ಹಾಗೇ ಉಳಿದಿವೆ. "ಸರ್" ಅಂತ ಬದಲಿಸಿದ್ದರೆ ಸಂಬಂಧವೇ ಬೇರೆಯಾಗುತ್ತಿತ್ತು. ಮೂಲದಲ್ಲಿ ನಗು ಎರಡನೇ ಸಾಲಿನಲ್ಲಿ ಜೋರು, ಕೊನೆಯಲ್ಲಿ ಮೆಲ್ಲಗೆ. ಅನುವಾದದಲ್ಲಿ ತಿರುವುಮುರುವು. ಒಟ್ಟು ನಗು ಹೆಚ್ಚುಕಡಿಮೆ ಅಷ್ಟೇ.

ಜಾಗ ಬದಲಿಸುವಾಗ ಮೂರು ಮಿತಿ ಇಟ್ಟುಕೊಳ್ಳಿ. ಹೊಸ ಜೋಕು ಅದೇ ದೃಶ್ಯದೊಳಗೆ ಇರಲಿ. ಹತ್ತು ಪುಟ ಆಚೆ ಇಟ್ಟರೆ ಅದು ಬಾಕಿ ತೀರಿಸಿದಂತಲ್ಲ, ಸುಮ್ನೆ ನಿಮ್ಮ ಸ್ವಂತ ಜೋಕು. ಮೂಲದಲ್ಲಿ ಕೀಟಲೆ ಮಾಡುವವರ ಬಾಯಲ್ಲೇ ಇರಲಿ. ನಮ್ಮ ತುಣುಕಿನಲ್ಲಿ ಜೋಯಿಸರು ಕೊನೆಯವರೆಗೂ ಗಂಭೀರವಾಗಿದ್ದಾರೆ, ಪದವನ್ನು ತಿರುಗಿಸುವವನು ಮಂಜಪ್ಪನೇ. ಮೂರನೆಯದು, ಎಣಿಕೆ. ಎಷ್ಟು ಹೋಯಿತು, ಎಷ್ಟು ಸೇರಿತು ಎಂದು ಪುಟದ ಅಂಚಿನಲ್ಲಿ ಬರೆದಿಡಿ. ಜೋಕು ಸಿಗುವ ಖುಷಿಯಲ್ಲಿ ಅನುವಾದಕರು ಮೂಲಕ್ಕಿಂತ ಜಾಸ್ತಿ ಸೇರಿಸಿಬಿಡುವುದುಂಟು. ನಾನೂ ಮಾಡಿದ್ದೇನೆ.

ಬಗೆ ಬದಲಿಸುವುದಕ್ಕೆ ಒಂದೇ ಉದಾಹರಣೆ ಸಾಕು. ಮಂಜಪ್ಪ ಡಾಕ್ಟರ ಹತ್ತಿರ ಹೋಗಿದ್ದಾನೆ. "ಮಂಡಿ ಹೇಗಿದೆ?" "ಬಿದ್ದಲ್ಲೇ ಬಿದ್ದಿದೆ ಡಾಕ್ಟ್ರೇ, ಏಳೋ ಹಾಗೆ ಕಾಣಲ್ಲ." ಮಂಡಿ ಎಂದರೆ ಮೊಣಕಾಲೂ ಹೌದು, ಅಡಿಕೆ ವ್ಯಾಪಾರದ ಜಾಗವೂ ಹೌದು. ಇಂಗ್ಲಿಷಿನಲ್ಲಿ ಹೀಗೆ ಎರಡೂ ಆಗುವ ಪದ ನನಗೆ ಸಿಗಲಿಲ್ಲ. ಶ್ಲೇಷೆ ಬಿಟ್ಟು ಹೋಲಿಕೆಗೆ ಹೋಗಿ. "ಹೌ ಈಸ್ ದ ನೀ?" "ಲೈಕ್ ದ ಮಾರ್ಕೆಟ್, ಡಾಕ್ಟರ್. ಗೋಸ್ ಡೌನ್, ವೋಂಟ್ ಕಮ್ ಅಪ್." ಇಲ್ಲಿ ತಪ್ಪು ತಿಳಿಯುವಿಕೆ ಹೋಯಿತು, ಆದರೆ ಮಾತಿನ ಚುರುಕು ಉಳಿಯಿತು.

ಕನ್ನಡ-ಇಂಗ್ಲಿಷ್ ಬೆರೆಸಿದ ಶ್ಲೇಷೆ ಇನ್ನೂ ಕಷ್ಟ. "ಸಾರಿ ಕೇಳೋ!" "ಎಷ್ಟು ಸಾರಿ?" ಇದನ್ನು ಇಂಗ್ಲಿಷಿಗೆ ತರುವಾಗ ಜೋಕಿನ ಅರ್ಧ ಭಾಗ ಈಗಾಗಲೇ ಇಂಗ್ಲಿಷೇ. ಎರಡು ಭಾಷೆ ಡಿಕ್ಕಿ ಹೊಡೆಯುವ ಮಜಾ ಅಲ್ಲಿ ಸಿಗುವುದಿಲ್ಲ. ಇಂಥದ್ದರಲ್ಲಿ ನಾನು ಹೆಚ್ಚು ಹೊತ್ತು ಕಳೆಯದೆ ಬಗೆ ಬದಲಿಸುತ್ತೇನೆ.

6. ಬಿಡುವುದು ಯಾವಾಗ, ಅಡಿಟಿಪ್ಪಣಿ ಯಾವಾಗ

ಜೋಕು ಯಾವ ಕೆಲಸವನ್ನೂ ಮಾಡದೆ ಸುಮ್ನೆ ಹಾದುಹೋಗುವಂಥದ್ದಾದರೆ ಬಿಟ್ಟುಬಿಡಿ. ಒಳ್ಳೆಯ ಸಾದಾ ಸಾಲು ಕೆಟ್ಟ ಶ್ಲೇಷೆಗಿಂತ ಮೇಲು.

ಅಡಿಟಿಪ್ಪಣಿ ಜೋಕನ್ನು ವಿವರಿಸುತ್ತದೆ, ನಗಿಸುವುದಿಲ್ಲ. ಸಂಶೋಧನೆಗೆ ಓದುವವರಿಗೆ, ಹಳಗನ್ನಡ ಕಾವ್ಯದ ಅನುವಾದಕ್ಕೆ ಅದು ಬೇಕು. ಹಾಸ್ಯ ಕಥೆಗೆ ಬೇಡ. ನಾಟಕಕ್ಕಂತೂ ಆಗುವುದೇ ಇಲ್ಲ. ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಇದನ್ನು ಒತ್ತಿ ಹೇಳಬೇಕು. ಹೆಗ್ಗೋಡಿನ ನೀನಾಸಂ ರಂಗಸಂಸ್ಥೆ 1985ರಲ್ಲಿ ಊರೂರು ಸುತ್ತಿ ನಾಟಕ ಆಡುವ ತಿರುಗಾಟ ಶುರು ಮಾಡಿದ ಮೇಲೆ ಅನುವಾದಿತ ನಾಟಕ ನೋಡುವುದು ಇಲ್ಲಿನವರಿಗೆ ರೂಢಿಯಾಗಿದೆ, ಮಾಡುವ ಆಸೆಯೂ ಜಾಸ್ತಿ. ರಂಗದ ಮೇಲೆ ಅಡಿಟಿಪ್ಪಣಿ ಹೇಳುವವರು ಯಾರು? ಒಮ್ಮೆ ನನ್ನ ಹಸ್ತಪ್ರತಿಯ ಟಿಪ್ಪಣಿಯನ್ನು ನಟನೊಬ್ಬ ಮಾತೆಂದೇ ತಿಳಿದು ಗಟ್ಟಿಯಾಗಿ ಹೇಳಿಬಿಟ್ಟ. ಆ ದಿನ ಅತಿ ಹೆಚ್ಚು ನಗು ಬಂದದ್ದು ಅದಕ್ಕೇ.

ಶೀರ್ಷಿಕೆಯಲ್ಲೇ ಶ್ಲೇಷೆ ಇದ್ದರೆ ಜಾಗ ಬದಲಿಸಲು ಜಾಗವೇ ಇಲ್ಲ. ಹೊಸ ಹೆಸರು ಇಡಿ.

7. ಓದಿ ತೋರಿಸಿ

ಮೂಲ ಗೊತ್ತಿಲ್ಲದವರಿಗೆ ಗಟ್ಟಿಯಾಗಿ ಓದಿ. "ಇಲ್ಲೊಂದು ಜೋಕಿದೆ" ಅಂತ ಮೊದಲೇ ಹೇಳಬೇಡಿ. ಪದವನ್ನು ಒತ್ತಿ ಓದಬೇಡಿ. ಬರಹದಲ್ಲೂ ಅಷ್ಟೇ. ಶ್ಲೇಷೆಯ ಪದಕ್ಕೆ ಉದ್ಧರಣ ಚಿಹ್ನೆ ಹಾಕುವುದು, "ಬೇ-ಸರ" ಅಂತ ಗೆರೆ ಹಾಕಿ ಒಡೆದು ತೋರಿಸುವುದು, ಆಶ್ಚರ್ಯಸೂಚಕ ಚಿಹ್ನೆ ಚುಚ್ಚುವುದು, ಇವೆಲ್ಲ ಜೋಕಿನ ಗುಟ್ಟು ಬಿಟ್ಟುಕೊಡುತ್ತವೆ.

ಕೇಳುವವರ ಮುಖ ನೋಡಿ. ಸಾಲು ಮುಗಿದ ಕೂಡಲೇ ನಕ್ಕರೆ ಸರಿಯಾಗಿದೆ. ಎರಡು ಮೂರು ಸೆಕೆಂಡು ಬಿಟ್ಟು "ಓ, ಹಾಗಾ" ಅಂದರೆ ಒಂದು ಅರ್ಥ ಅವರಿಗೆ ದೂರದ್ದು ಎಂದರ್ಥ. ಪದ ಬದಲಿಸಿ, ಇಲ್ಲವೇ ಮೊದಲೇ ಬಿತ್ತಿ. ಎಲ್ಲೂ ನಗದೆ "ಅವನು ಯಾಕೆ ಹಾಗೆ ಉತ್ತರ ಕೊಟ್ಟ?" ಅಂತ ಕೇಳಿದರೆ ಶ್ಲೇಷೆಯ ಒಂದು ಕಾಲು ಮುರಿದಿದೆ, ನಾಲ್ಕನೇ ಹಂತಕ್ಕೆ ವಾಪಸ್ ಹೋಗಿ. ನಕ್ಕ ಮೇಲೆ ಒಂದು ಪ್ರಶ್ನೆ ಕೇಳುವುದನ್ನು ಮರೆಯಬೇಡಿ: "ಈ ಮಂಜಪ್ಪ ಎಂಥ ಮನುಷ್ಯ ಅನ್ನಿಸ್ತು?" ಹೆಬ್ಬೆಟ್ಟಿನ ಪ್ರಯತ್ನವನ್ನು ಓದಿದಾಗ ನನಗೆ ಸಿಕ್ಕ ಉತ್ತರ "ಪಾಪ, ಮುಗ್ಧ". ಈಗಿನದ್ದಕ್ಕೆ ಸಿಕ್ಕ ಉತ್ತರ "ಕಿಲಾಡಿ".

ಹಾಂ, ಕೇಳುವವರು ಅಡಿಕೆ ಮನೆಯವರಾಗದಂತೆ ನೋಡಿಕೊಳ್ಳಿ. ಅವರು ಜೋಕು ಬಿಟ್ಟು, ಈ ವರ್ಷ ಕೊಳೆ ಎಷ್ಟು ಬಂತು ಅಂತ ಮಾತಿಗೆ ಕೂರುತ್ತಾರೆ.